ಲಸಿಕೆಯ ನಂತರವೂ ‘ನೆಗೆಟಿವ್’ ಬಂದರೆ

ತಂಗಿಯ ಮಗಳನ್ನು ನರ್ಸಿಂಗಿಗೆ ಸೇರಿಸಲೆಂದು ಮಂಗಳೂರಿನ ಕಾಲೇಜೊಂದರ ಕಚೇರಿಯಲ್ಲಿ ಅರ್ಧ ದಿನ ಕಾದು ಈಗಷ್ಟೇ ಮನೆಗೆ ಬಂದಿದ್ದೇನೆ. ಸೀತಾಳೆ ಸಿಡುಬಿನ ಎರಡೂ ಡೋಸ್ ಲಸಿಕೆ ಹಾಕಿಸಿಕೊಂಡ ಹುಡುಗಿಯ ಕಡತದ ಮೇಲೆ ‘ರೋಗನಿರೋಧಕ ಶಕ್ತಿ ಇಲ್ಲ’ ಎಂದು ಬರೆದು, ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಲ್ಯಾಬಿನಲ್ಲೇ ಕೂದಲು ಹಣ್ಣಾದ ನನಗೆ ಸಿಟ್ಟು ಬಾರದೇ ಇರುತ್ತದೆಯೇ?

ಮೊದಲ ಪರೀಕ್ಷೆಯಲ್ಲಿ ಅವಳ ವೆರಿಸೆಲ್ಲಾ ಐಜಿಜಿ, ಅಂದರೆ ಸೀತಾಳೆ ಸಿಡುಬಿನ ವಿರುದ್ಧ ರಕ್ತದಲ್ಲಿರುವ ಪ್ರತಿಕಾಯಗಳ ಪರೀಕ್ಷೆ, ನೆಗೆಟಿವ್ ಬಂದದ್ದಕ್ಕೆ ನನ್ನ ತಕರಾರಿಲ್ಲ. ಅವಳಿಗೆ ಆ ಕಾಯಿಲೆ ಬಂದಿರಲಿಲ್ಲ. ಸರ್ಕಾರದ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿಲ್ಲದ ಆ ಲಸಿಕೆಯನ್ನು ಚಿಕ್ಕಂದಿನಲ್ಲಿ ಯಾರೂ ಹಾಕಿಸಿಯೂ ಇರಲಿಲ್ಲ. ಆಗಿನ ನೆಗೆಟಿವ್‌ಗೆ ರಕ್ಷಣೆ ಇಲ್ಲವೆಂದೇ ಅರ್ಥ. ಆದ್ದರಿಂದ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಹಾಕಿಸಿದೆವು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಕಚೇರಿಯವರು ಮತ್ತೆ ಪರೀಕ್ಷೆ ಮಾಡಿಸಿದರು, ಮತ್ತೆ ನೆಗೆಟಿವ್ ಬಂತು.

ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳ ಪ್ರಮಾಣ ಕಾಯಿಲೆ ಬಂದು ಹೋದವರಲ್ಲಿ ಇರುವುದಕ್ಕಿಂತ ಸಾಮಾನ್ಯವಾಗಿ ಕಡಿಮೆಯಿರುತ್ತದೆ, ಮತ್ತು ಮಾರುಕಟ್ಟೆಯ ಮಾಮೂಲಿ ಕಿಟ್‌ಗಳು ಅಷ್ಟು ಕಡಿಮೆ ಪ್ರಮಾಣವನ್ನು ಎಷ್ಟೋ ಸಲ ಹಿಡಿಯುವುದೇ ಇಲ್ಲ. ಇದರ ಜೊತೆಗೆ, ಈ ವೈರಸ್ಸನ್ನು ತಡೆಯುವ ಜೀವಕೋಶಗಳ ಶಕ್ತಿಯನ್ನು ಐಜಿಜಿ ಪರೀಕ್ಷೆ ಅಳೆಯುವುದೂ ಇಲ್ಲ. ಹೀಗಾಗಿಯೇ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, ಆಸ್ಪತ್ರೆ ಸಿಬ್ಬಂದಿಗಾಗಿ 2011ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ, ಎರಡು ಡೋಸಿನ ದಾಖಲೆಯಿದ್ದವರಿಗೆ ಲಸಿಕೆಯ ನಂತರ ಈ ಪರೀಕ್ಷೆ ಬೇಡವೆಂದೇ ಹೇಳಿದೆ. ನನಗಾದರೋ ಕಾಲೇಜಿನ ದಿನಗಳಲ್ಲೇ ಮೈತುಂಬ ಬೊಕ್ಕೆ ಎದ್ದಿತ್ತು. ಇಂದು ಪರೀಕ್ಷಿಸಿದರೂ ನಾನು ಸಲೀಸಾಗಿ ಪಾಸಾಗುತ್ತೇನೆ. ಅದರಲ್ಲಿ ನನ್ನ ಸಾಧನೆಯೇನೂ ಇಲ್ಲ!

ದಡಾರದ ವರದಿಯಲ್ಲೂ ಇದೇ ಕಥೆ. ಲ್ಯಾಬ್ ಮುದ್ರಿಸಿದ ಮಿತಿಯ ಪ್ರಕಾರ 13.5ಕ್ಕಿಂತ ಕೆಳಗೆ ನೆಗೆಟಿವ್, 16.5ರಿಂದ ಮೇಲೆ ಪಾಸಿಟಿವ್, ಇವಳದು 14.8, ಅಂದರೆ ಅನಿಶ್ಚಿತ. ಆದರೆ ಒಂದೂಕಾಲು ವರ್ಷದವಳಿದ್ದಾಗ ಹಾಕಿಸಿದ ಎಂಎಂಆರ್ ಮತ್ತು 2017ರ ಅಭಿಯಾನದಲ್ಲಿ ಶಾಲೆಯಲ್ಲೇ ಹಾಕಿದ ಎಂಆರ್, ದಡಾರ ತಡೆಯುವ ಈ ಎರಡೂ ಲಸಿಕೆಗಳ ದಾಖಲೆಯನ್ನು ತಂಗಿ ಜೋಪಾನವಾಗಿ ಇಟ್ಟಿದ್ದಾಳೆ. ಒಂಬತ್ತನೆಯ ತಿಂಗಳ ಡೋಸನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಏಕೆಂದರೆ ಆ ವಯಸ್ಸಿನಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯ ಪರಿಣಾಮವನ್ನು ಕುಗ್ಗಿಸಬಹುದು. ವರ್ಷ ತುಂಬಿದ ಮೇಲಿನ ಎರಡು ಡೋಸಿಗೆ ದಾಖಲೆಯಿದ್ದರೆ, ಆಮೇಲಿನ ಅನಿಶ್ಚಿತ ಅಥವಾ ನೆಗೆಟಿವ್ ಫಲಿತಾಂಶಕ್ಕಿಂತ ಆ ದಾಖಲೆಯೇ ಮೇಲು ಎಂದು ಅದೇ ಶಿಫಾರಸು ಹೇಳುತ್ತದೆ.

‘ಕಾಗದ ಸುಳ್ಳಾಗಬಹುದು ಸಾರ್, ರಕ್ತ ಸುಳ್ಳು ಹೇಳುವುದಿಲ್ಲ’ ಎಂದರು ಅಲ್ಲಿದ್ದ ಗುಮಾಸ್ತರು. ನಕಲಿ ಕಾರ್ಡಿನ ಭಯವಿದ್ದರೆ ಲಸಿಕೆ ಹಾಕಿದ ವೈದ್ಯರಿಗೆ ಫೋನ್ ಮಾಡಿ ವಿಚಾರಿಸಲಿ. ರಕ್ತವನ್ನು ಓದುವುದೂ ಒಂದು ಕಿಟ್ಟೇ ತಾನೇ?

ಎರಡು ಡೋಸ್ ಆದವರಿಗೂ ಅಪರೂಪಕ್ಕೆ ಸೀತಾಳೆ ಸಿಡುಬು ಬರುವುದುಂಟು. ಅದಕ್ಕೆ ವಾರ್ಡಿನಲ್ಲಿ ಸೋಂಕಿತರ ಸಂಪರ್ಕವಾದ ಮೇಲೆ 8ನೆಯ ದಿನದಿಂದ 21ನೆಯ ದಿನದವರೆಗೆ ಜ್ವರ, ಬೊಕ್ಕೆಗಳನ್ನು ಗಮನಿಸುವ ಕ್ರಮವಿದೆ. ಆ ಬಗ್ಗೆ ಕೇಳಿದರೆ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಳೆ ಮತ್ತೆ ಹೋಗುತ್ತೇವೆ. ಲಸಿಕೆ ಕಾರ್ಡಿನ ಪ್ರತಿಗಳನ್ನು ಕೊಡುತ್ತೇವೆಯೇ ಹೊರತು ಮತ್ತೊಮ್ಮೆ ರಕ್ತ ಕೊಡುವುದಿಲ್ಲ.