ಮನೆ ಮಾರಾಟವಾಯಿತು, ನನ್ನ ಅಗ್ರಿಮೆಂಟ್ ಅಲ್ಲ

2024ರ ಅಕ್ಟೋಬರ್ 6ರ ಬೆಳಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ನೀವಿರೋ ಫ್ಲ್ಯಾಟ್ ನಾವು ತಗೊಂಡಿದ್ದೀವಿ ಸರ್. ಈ ತಿಂಗಳ ಬಾಡಿಗೆ ನಮಗೆ ಹಾಕಿ, ತಿಂಗಳ ಕೊನೆಗೆ ಖಾಲಿ ಮಾಡಿಕೊಡಿ. ಅಡ್ವಾನ್ಸ್ ಹಳೇ ಓನರ್ ಹತ್ರ ಇಸ್ಕೊಳ್ಳಿ." ಒಂದೇ ಉಸಿರಿಗೆ ಮೂರು ಮಾತು. ಮೂರೂ ತಪ್ಪು ಅಂತ ನನಗೆ ತಿಳಿದದ್ದು ವಕೀಲ ಸ್ನೇಹಿತನ ಹತ್ತಿರ ಎರಡು ಸಂಜೆ ಕೂತ ಮೇಲೆ.

ಲೆಕ್ಕ ಹೀಗಿತ್ತು. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟು, ಬಾಡಿಗೆ 22,000, ಅಡ್ವಾನ್ಸ್ 2 ಲಕ್ಷ. 2024ರ ಜೂನ್ 1ರಿಂದ 2025ರ ಏಪ್ರಿಲ್ 30ರವರೆಗೆ ಹನ್ನೊಂದು ತಿಂಗಳ ಅಗ್ರಿಮೆಂಟ್. ಮಧ್ಯೆ ಬಿಡಿಸಬೇಕಾದರೆ ಎರಡು ತಿಂಗಳ ನೋಟಿಸ್ ಅಂತ ಅದರಲ್ಲೇ ಬರೆದಿತ್ತು. ಕ್ರಯಪತ್ರ ನೋಂದಣಿಯಾದದ್ದು ಸೆಪ್ಟೆಂಬರ್ 20ಕ್ಕೆ. ನನಗೆ ಯಾರೂ ಹೇಳಿರಲಿಲ್ಲ. ಅಕ್ಟೋಬರ್ ಬಾಡಿಗೆಯನ್ನು 3ನೇ ತಾರೀಕು ಹಳೇ ಓನರ್‌ಗೆ ಹಾಕಿಬಿಟ್ಟಿದ್ದೆ. ಅವರೂ ಸುಮ್ಮನೆ ಇಟ್ಟುಕೊಂಡರು!

ಇಲ್ಲಿ ನೋಡಬೇಕಾದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಂ. (ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಗೆ ಅನ್ವಯಿಸಲ್ಲ. ಈಗ ಆ ದುಡ್ಡಿಗೆ ಕಾರ್ ಪಾರ್ಕಿಂಗ್ ಸಿಕ್ಕಿದರೆ ಪುಣ್ಯ.) ಮಾಲೀಕ ಮನೆ ಮಾರಿದರೆ ಕೊಂಡವನು ಅವನ ಜಾಗದಲ್ಲಿ ಬಂದು ಕೂರುತ್ತಾನೆ, ಅಷ್ಟೇ. ಅವನ ಹಕ್ಕುಗಳೆಲ್ಲ ಇವನಿಗೆ ಬರುತ್ತವೆ. ಹಾಗಾಗಿ ಮಾರಾಟಕ್ಕೆ ನನ್ನ ಒಪ್ಪಿಗೆ ಬೇಕಿಲ್ಲ, ಇನ್ನು ಮುಂದೆ ಬಾಡಿಗೆ ಅವರಿಗೇ ಸೇರಬೇಕು. ಆದರೆ ಆ ಜಾಗ ಎರಡು ತಿಂಗಳ ನೋಟಿಸಿನ ಕರಾರಿನ ಸಮೇತವೇ ಬರುತ್ತದೆ. ಮನೆಯಲ್ಲಿ ಯಾರೋ ವಾಸ ಇದ್ದಾರೆ ಅಂತ ಗೊತ್ತಿರಲಿಲ್ಲ ಅನ್ನೋಕೂ ಆಗಲ್ಲ. ಇರುವವರ ಹಕ್ಕೇನು ಅಂತ ವಿಚಾರಿಸಿ ಕೊಳ್ಳುವುದು ಕೊಳ್ಳುವವರ ಕೆಲಸ.

ಬಾಡಿಗೆ ವಿಷಯಕ್ಕೂ ಅದೇ ಕಲಮಿನಲ್ಲಿ ಉತ್ತರ ಇದೆ. ಮಾರಾಟದ ಸುಳಿವೇ ಇಲ್ಲದೆ ಬಾಡಿಗೆದಾರ ಹಳಬರಿಗೆ ಕೊಟ್ಟಿದ್ದರೆ ಹೊಸಬರಿಗೆ ಎರಡನೇ ಸಲ ಕೊಡಬೇಕಿಲ್ಲ. ಬ್ಯಾಂಕಿನ ಎಂಟ್ರಿಯ ಸ್ಕ್ರೀನ್‌ಶಾಟ್ ಕಳಿಸಿ, "ಅದನ್ನು ನೀವಿಬ್ಬರೇ ನೋಡ್ಕೊಳ್ಳಿ" ಅಂದೆ. ಆದರೆ 6ನೇ ತಾರೀಕಿನ ನಂತರ ಆ ರಕ್ಷಣೆ ಇಲ್ಲ. ಹಾಗಂತ ಒಂದು ಫೋನ್ ನಂಬಿ ಬಾಡಿಗೆ ಹಾಕಲೂ ಬಾರದು. ಕ್ರಯಪತ್ರದ ಪ್ರತಿ ಕೇಳಿ ಇಸ್ಕೊಂಡೆ, ನವೆಂಬರ್‌ನಿಂದ ಹೊಸಬರಿಗೆ ಹಾಕಿದೆ.

ನಿಜವಾದ ಜಟಾಪಟಿ ಅಡ್ವಾನ್ಸಿನದು. ಮಾರಿದ ಮಾತ್ರಕ್ಕೆ ಹಳೇ ಮಾಲೀಕರ ಹೊಣೆ ಕಳಚುವುದಿಲ್ಲ. ಹೊಸಬರನ್ನೇ ಹೊಣೆಗಾರರು ಅಂತ ಬಾಡಿಗೆದಾರ ಆರಿಸಿಕೊಂಡರೆ ಮಾತ್ರ ಕಳಚುತ್ತದೆ. ಆಯ್ಕೆ ನಮ್ಮದು, ಮಾಡಿದ ಮೇಲೆ ಹಳಬರು ಪಾರು. ಆತುರದಲ್ಲಿ ಹೊಸಬರನ್ನು ಆರಿಸಿಕೊಂಡರೆ "ಆ ದುಡ್ಡು ನನ್ನ ಕೈಗೇ ಬಂದಿಲ್ಲ" ಅಂತ ಅವರು ತಕರಾರು ತೆಗೆಯಬಹುದು. ಅದಕ್ಕೇ ನಾನು ಇಬ್ಬರಿಗೂ ಒಂದೇ ಪತ್ರ ಬರೆದೆ: ಅಡ್ವಾನ್ಸ್ ನಿಮ್ಮಲ್ಲಿ ಯಾರ ಹತ್ತಿರ ಇದೆ, ಇಬ್ಬರೂ ಸಹಿ ಹಾಕಿ ತಿಳಿಸಿ, ಅಲ್ಲಿಯವರೆಗೆ ನಾನು ಯಾರನ್ನೂ ಹೊಣೆಯಿಂದ ಬಿಟ್ಟಿಲ್ಲ. ಹತ್ತು ದಿನ ಮೌನ. ಆಮೇಲೆ ತಿಳಿಯಿತು, ಮಾತುಕತೆಯಲ್ಲಿ ಆ 2 ಲಕ್ಷ ಮೈನಸ್ ಮಾಡಿಕೊಂಡೇ ವ್ಯಾಪಾರ ಮುಗಿಸಿದ್ದರಂತೆ. ಅಂದರೆ ನನ್ನ ದುಡ್ಡು ಹೊಸಬರ ಹತ್ತಿರವೇ ಇತ್ತು, ಮೊದಲ ಫೋನಿನಲ್ಲಿ ಅವರು ಹೇಳಿದ್ದು ಹಸಿ ಸುಳ್ಳು.

ನನ್ನ ಪತ್ರಕ್ಕೆ ಉತ್ತರ ಬರುವ ಮೊದಲು ಬ್ರೋಕರ್ ಹೊಸ ಅಗ್ರಿಮೆಂಟ್ ಹಿಡಿದು ಬಂದಿದ್ದರು. "ಫಾರ್ಮಾಲಿಟಿ ಸರ್, ಹೆಸರು ಬದಲಾಗಿದೆ ಅಷ್ಟೇ." ಅಡ್ವಾನ್ಸಿನ ಜಾಗ ಖಾಲಿ, ನೋಟಿಸು ಒಂದು ತಿಂಗಳು! ಹೊಸದಕ್ಕೆ ಸಹಿ ಬಿದ್ದರೆ ಹಳೆಯದು ತಾನಾಗಿ ಬಿದ್ದುಹೋಗುತ್ತದೆ, ಜೊತೆಗೆ 2 ಲಕ್ಷದ ದಾಖಲೆಯೂ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಅಪಾಯದ ಕಾಗದ ಅದೇ. ಮಾಲೀಕರು ಬದಲಾದರು ಅಂತ ಹೊಸ ಅಗ್ರಿಮೆಂಟ್ ಮಾಡಲೇಬೇಕೆಂಬ ಕಾನೂನಿಲ್ಲ.

ಭೋಗ್ಯಕ್ಕೆ ಇರುವವರಿಗೆ ಒಂದು ಮಾತು. ಹದಿನೈದು ಲಕ್ಷ ಕೊಟ್ಟು ಮೂರು ವರ್ಷಕ್ಕೆ ಛಾಪಾ ಕಾಗದದಲ್ಲಿ ಬರೆಸಿ, ನೋಂದಣಿ ಮಾಡಿಸದೇ ಬಿಟ್ಟಿರುತ್ತೀರಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಇಲ್ಲದಿದ್ದರೆ ಮೂರು ವರ್ಷದ ಮಾತನ್ನು ಹೊಸ ಮಾಲೀಕರ ಮೇಲೆ ಹೇರುವುದು ಕಷ್ಟ, ತಿಂಗಳ ಬಾಡಿಗೆಯವರಂತೆ ಹದಿನೈದು ದಿನದ ನೋಟಿಸಿಗೆ ಇಳಿಯಬೇಕಾದೀತು. ನೋಂದಣಿಯಾಗಿದ್ದರೆ ಇಸಿ ಅನ್ನೋ ಋಣಭಾರ ಪ್ರಮಾಣಪತ್ರದಲ್ಲೇ ಕಾಣುತ್ತದೆ, ಕೊಳ್ಳುವವರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಸಾಲ ಕಟ್ಟದೆ ಬ್ಯಾಂಕು ಹರಾಜು ಹಾಕಿದ ಮನೆಯ ಕಥೆ ಬೇರೆ, ಅಲ್ಲಿ ಇಷ್ಟು ಆಸರೆ ನಿರೀಕ್ಷಿಸಬೇಡಿ.

ಇನ್ನು ನೀರು ನಿಲ್ಲಿಸುವುದು, ಬೀಗ ಹಾಕುವುದು. ನೋಟಿಸಿನ ಅವಧಿ ಮುಗಿದರೂ ಹೊರಹಾಕಲು ಕೋರ್ಟಿಗೇ ಹೋಗಬೇಕು. ಬಲವಂತವಾಗಿ ಹೊರಗೆ ಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸು ಕೇಳಬಹುದು.

ನನ್ನ ಮಟ್ಟಿಗೆ ಅಲ್ಲಿಯವರೆಗೆ ಹೋಗಲಿಲ್ಲ. ಏಪ್ರಿಲ್ 30ಕ್ಕೆ ಕೀಲಿ ಕೊಟ್ಟೆ, 1,78,000 ಬಂತು. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಅದೂ ಹಳೇ ಅಗ್ರಿಮೆಂಟಿನಲ್ಲೇ ಇತ್ತು, ಜಗಳ ಆಡೋ ಹಾಗಿರಲಿಲ್ಲ.