ಚುಕ್ಕೆ ಗೆರೆಯ ಭರವಸೆ

ಮತ್ತೊಂದು ರೋಡ್‌ಮ್ಯಾಪ್ ಬಂದಿದೆ, ಅಂದರೆ ನಮ್ಮ ಸಾಫ್ಟ್‌ವೇರಿನಲ್ಲಿ ಯಾವ ಫೀಚರ್ ಯಾವಾಗ ಬರುತ್ತೆ ಅನ್ನೋ ನಕ್ಷೆ. ಚಪ್ಪಾಳೆ ತಟ್ಟಿ. ಅಡ್ಡಕ್ಕೆ ಮೂರು ಮೂರು ತಿಂಗಳ ನಾಲ್ಕು ಕ್ವಾರ್ಟರ್, ಅದರ ತುಂಬ ಬಣ್ಣಬಣ್ಣದ ಪಟ್ಟಿಗಳು. ಸುತ್ತ ಗಟ್ಟಿ ಗೆರೆ ಇದ್ದರೆ ಖಂಡಿತ ಮಾಡ್ತೀವಿ ಅಂತ ಅರ್ಥ. ಚುಕ್ಕೆ ಗೆರೆ ಇದ್ದರೆ ನೋಡೋಣ ಅಂತ. ಎಂಥಾ ಸೂಕ್ಷ್ಮ ಕಲೆ! ಹಿಂದಿನ ಸಾಲಲ್ಲಿ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಷ್ಟೇ.

ಕೊನೆಯ ಕ್ವಾರ್ಟರಿನಲ್ಲಿ 'ಆಫ್‌ಲೈನ್ ಮೋಡ್' ಅಂತ ಒಂದು ಚುಕ್ಕೆ ಪಟ್ಟಿ ಇತ್ತು ಅಂದುಕೊಳ್ಳಿ. ಅದು ಹೇಗೆ ಮಾಡೋದು ಅಂತ ಇಂಜಿನಿಯರುಗಳು ಇನ್ನೂ ಯೋಚಿಸಿಯೇ ಇಲ್ಲ. ಸೇಲ್ಸ್‌ನವರು ಆ ಪಟ್ಟಿಯನ್ನಷ್ಟೇ ಕತ್ತರಿಸಿ ತಮ್ಮ ಸ್ಲೈಡಿಗೆ ಅಂಟಿಸಿದರು. 'ಬದಲಾಗಬಹುದು' ಅನ್ನೋ ಅಡಿಟಿಪ್ಪಣಿ ಹಳೇ ಸ್ಲೈಡಲ್ಲೇ ಉಳಿಯಿತು. ಗ್ರಾಹಕರು ಅದನ್ನು ಒಪ್ಪಂದಕ್ಕೇ ಸೇರಿಸಿದರು. ಈಗ ಅಕೌಂಟ್ಸ್‌ನವರು ತಲೆ ಮೇಲೆ ಕೈ ಹೊತ್ತಿದ್ದಾರೆ. ಯಾಕಂದ್ರೆ ಗ್ರಾಹಕರಿಂದ ಬಂದ ಆದಾಯವನ್ನು ಯಾವಾಗ ಲೆಕ್ಕಕ್ಕೆ ತಗೋಬೇಕು ಅಂತ ಹೇಳುವ ಅಂತರರಾಷ್ಟ್ರೀಯ ನಿಯಮ ಐಎಫ್‌ಆರ್‌ಎಸ್ 15ರ ಪ್ರಕಾರ, ಮುಂದೆ ಕೊಡ್ತೀವಿ ಅಂತ ಮಾತು ಕೊಟ್ಟ ಫೀಚರ್ ಒಂದು ಪ್ರತ್ಯೇಕ ಹೊಣೆ ಆಗಬಹುದು. ಹಾಗಾದರೆ ಅದರ ಪಾಲಿನ ದುಡ್ಡು ಬ್ಯಾಂಕಿಗೆ ಬಂದಿದ್ದರೂ, ಫೀಚರ್ ಕೊಡುವ ತನಕ ಆದಾಯ ಅಂತ ತೋರಿಸುವಂತಿಲ್ಲ. ಚುಕ್ಕೆ ಗೆರೆಯ ಮಹಿಮೆ!

ಹಾಂ, ಎರಡನೇ ಸ್ಲೈಡ್ ಮರೆತೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಪುಟ ಎಚ್ಚರಿಕೆ. ಅದರ ಮೂಲ ಅಮೆರಿಕದ 1995ರ ಒಂದು ಕಾನೂನು. ಷೇರುಪೇಟೆಯಲ್ಲಿರುವ ಕಂಪನಿ ಭವಿಷ್ಯದ ಬಗ್ಗೆ ಹೇಳಿದ್ದು ತಪ್ಪಾದರೆ, ಹೂಡಿಕೆದಾರರ ಕೇಸಿನಿಂದ ಒಂದಿಷ್ಟು ರಕ್ಷಣೆ ಸಿಗಲಿ ಅಂತ ಮಾಡಿದ್ದು. ಅಲ್ಲೂ ಎಚ್ಚರಿಕೆಗೆ ಅರ್ಥ ಇರಬೇಕು, ಸುಮ್ನೆ ಕಾಪಿ ಹೊಡೆದದ್ದು ನಡೆಯಲ್ಲ. ನಮ್ಮವರು ಅದನ್ನು ಹತ್ತು ಜನರ ಮೀಟಿಂಗಿಗೂ ಅಂಟಿಸುತ್ತಾರೆ. ತೋರಿಸೋದು ಎಷ್ಟು ಹೊತ್ತು? "ಇದು ಮಾಮೂಲಿ ಬಿಡಿ, ಮುಂದೆ ಹೋಗೋಣ" ಅನ್ನುವಷ್ಟು ಹೊತ್ತು.

ತಮಾಷೆ ಸಾಕು. ನಿಜವಾಗ್ಲೂ ಬೇಜಾರಾಗಿದೆ. ಇದನ್ನು ಸರಿ ಮಾಡೋಕೆ ದೊಡ್ಡ ಬುದ್ಧಿ ಏನೂ ಬೇಡ. ಕ್ವಾರ್ಟರುಗಳನ್ನು ಅಳಿಸಿ 'ಈಗ', 'ಮುಂದೆ', 'ಆಮೇಲೆ' ಅಂತ ಮೂರು ಕಾಲಂ ಹಾಕಿ. ಟೀಮು ಕೆಲಸ ಎಷ್ಟಿದೆ ಅಂತ ಅಳೆದು, ಯಾರನ್ನು ನಂಬಿಕೊಂಡಿದೆಯೋ ಅವರೂ ಹೂಂ ಅಂದ ಮೇಲೆ ಮಾತ್ರ ತಾರೀಖು ಹಾಕಿ. ಅದೂ 'ಈಗ' ಕಾಲಂನಲ್ಲಿ ಮಾತ್ರ. 'ಆಮೇಲೆ' ಕಾಲಂನಲ್ಲಿ ಫೀಚರಿನ ಹೆಸರೇ ಬೇಡ, ಸಮಸ್ಯೆ ಬರೆಯಿರಿ: "ನೆಟ್‌ವರ್ಕ್ ಇಲ್ಲದ ಕಡೆ ಬಳಕೆದಾರರ ಕೆಲಸ ನಿಲ್ಲುತ್ತಿದೆ. ಏನು ಮಾಡೋದು ಅಂತ ಇನ್ನೂ ತೀರ್ಮಾನಿಸಿಲ್ಲ." ಈ ಎರಡನೇ ವಾಕ್ಯ ಡಬ್ಬಿಯ ಒಳಗೇ ಇರಲಿ. ಕತ್ತರಿಸಿ ಅಂಟಿಸಿದರೂ ಜೊತೆಗೇ ಹೋಗುತ್ತೆ. ಹೊರಗಿನವರಿಗೆ ಬೇರೆ ಪ್ರತಿ ಮಾಡಿ, ಅದರಲ್ಲಿ 'ಆಮೇಲೆ' ಕಾಲಮ್ಮೇ ಬೇಡ.

ಇಷ್ಟು ಮಾಡಿ ತೋರಿಸಿದರೆ ಮೇಲಿನವರ ಹುಬ್ಬು ಗಂಟಿಕ್ಕುತ್ತದೆ. "ಏನ್ರೀ ಇದು, ತಾರೀಖೇ ಇಲ್ವಲ್ಲ? ಸುಮ್ನೆ ಒಂದು ಅಂದಾಜು ಹಾಕ್ರಿ. ನಮ್ಮೊಳಗೇ ಇರುತ್ತೆ, ಯಾರಿಗೂ ತೋರಿಸಲ್ಲ."