`barala` ಅಂದರೆ ಬರ್ಲಾ? ಅಂತಾನೋ, ಬರಲ್ಲ ಅಂತಾನೋ?

ಹೋದ ವಾರ ರಾತ್ರಿ ಒಂಬತ್ತೂವರೆಗೆ ನಮ್ಮ ಮಹಡಿ ಮನೆಯ ಬಾಡಿಗೆ ಹುಡುಗಿ ಫೋನ್ ಹಿಡಿದುಕೊಂಡು ಕೆಳಗೆ ಬಂದಳು. ರಾಂಚಿಯವಳು, ಬೆಂಗಳೂರಿಗೆ ಬಂದು ಎಂಟು ತಿಂಗಳಾಗಿದೆ. ಮುಖ ಕೆಂಪಗಾಗಿತ್ತು. "ಆಂಟಿ, ಇದನ್ನು ನೋಡಿ, ಡ್ರೈವರ್ ಬರಲ್ಲ ಅಂದ, ಕ್ಯಾನ್ಸಲ್ ಮಾಡು ಅಂದ, ದುಡ್ಡು ಮಾತ್ರ ನನ್ನ ಅಕೌಂಟಿಂದ ಹೋಯ್ತು" ಅಂತ ಹಿಂದಿಯಲ್ಲಿ ಹೇಳಿದಳು. ಹೋಗಿದ್ದು 40 ರೂಪಾಯಿ. ಸಿಟ್ಟು 40 ರೂಪಾಯಿಗಲ್ಲ ಅನ್ನೋದು ಗೊತ್ತಾಗುತ್ತಿತ್ತು.

ನಾನು ಹದಿನೈದು ವರ್ಷದಿಂದ ಹಿಂದಿ, ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡಿಕೊಂಡೇ ಬದುಕುತ್ತಿರೋಳು. ಚಾಟ್ ತೆಗೆದು ನೋಡಿದೆ. ಗಾಡಿ ಬುಕ್ ಮಾಡೋ ಆ ಆಪ್‌ನಲ್ಲಿ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಅವರ ಭಾಷೆಯಲ್ಲೇ ಕಾಣುತ್ತದೆ, ಅನುವಾದ ತಾನಾಗಿಯೇ ಆಗುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ "ಮೂಲ ನೋಡಿ" ಅಂತ ಇರುತ್ತದೆ. ಅದನ್ನು ಅವಳು ಒತ್ತಿರಲಿಲ್ಲ, ಒತ್ತಿದ್ದರೂ ಕನ್ನಡ ಅರ್ಥ ಆಗುತ್ತಿರಲಿಲ್ಲ. ನಾನು ಒತ್ತಿದೆ. ಇಡೀ ಮಾತುಕತೆ ಇಷ್ಟೇ:

```
ಅವಳು:    main metro ke saamne khadi hoon
ಡ್ರೈವರ್: naanu aa kade barala u turn doora ide
ಅವಳು:    phir cancel kar do
ಡ್ರೈವರ್: cancel madbeka
```

ನಾಲ್ಕು ಸಾಲು. ಆಮೇಲೆ ಅವಳು ಕ್ಯಾನ್ಸಲ್ ಒತ್ತಿದಳು, ಒಂದು ಸ್ಟಾರ್ ಕೊಟ್ಟಳು, "ಡ್ರೈವರ್ ಬರಲು ನಿರಾಕರಿಸಿದ" ಅಂತ ಕಂಪ್ಲೇಂಟ್ ಕೂಡ ಹಾಕಿದಳು.

ಎರಡನೇ ಸಾಲು ಅವಳಿಗೆ ಹಿಂದಿಯಲ್ಲಿ ಬಂದಿದ್ದು ಹೀಗೆ: "ಮೈ ಉಸ್ ತರಫ್ ನಹೀ ಆವೂಂಗಾ, ಯು ಟರ್ನ್ ದೂರ್ ಹೈ." ಅಂದರೆ ನಾನು ಆ ಕಡೆ ಬರಲ್ಲ. ಮೂಲ ನೋಡಿದ ತಕ್ಷಣ ನನಗೆ ಅನುಮಾನ ಬಂತು. `barala` ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದು "ಬರಲ್ಲ"ನೂ ಆಗಬಹುದು, "ಬರಲಾ?"ನೂ ಆಗಬಹುದು. ಕನ್ನಡ ಲಿಪಿಯಲ್ಲಿ ಬರೆದರೆ ಗೊಂದಲವೇ ಇಲ್ಲ. ಒಂದಕ್ಕೆ ಒತ್ತಕ್ಷರ ಇದೆ, ಇನ್ನೊಂದಕ್ಕೆ ದೀರ್ಘ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವಾಗ ನಾವು ಒತ್ತನ್ನೂ ಬಿಡುತ್ತೇವೆ, ದೀರ್ಘವನ್ನೂ ಬಿಡುತ್ತೇವೆ. ಪ್ರಶ್ನೆ ಚಿಹ್ನೆಯನ್ನಂತೂ ಗಾಡಿ ಓಡಿಸೋರು ಯಾರೂ ಹುಡುಕಿಕೊಂಡು ಹೋಗಲ್ಲ. ಹೀಗೆ "ಬರ್ತೀನಿ ಬೇಕಾ" ಅನ್ನೋದೂ "ಬರೋದಿಲ್ಲ" ಅನ್ನೋದೂ ಒಂದೇ ಆರು ಅಕ್ಷರದಲ್ಲಿ ಬಂದು ಕೂತುಬಿಡುತ್ತವೆ. ಕಿವಿಗೆ ಬಿದ್ದಿದ್ದರೆ ರಾಗದಲ್ಲೇ ಗೊತ್ತಾಗುತ್ತಿತ್ತು.

ಹಾಗಾದರೆ ಅವನು ಹೇಳಿದ್ದು ಯಾವುದು? ಸುಮ್ನೆ ಊಹೆ ಮಾಡಬೇಕಾಗಿಲ್ಲ, ಚಾಟಿನಲ್ಲೇ ಸುಳಿವು ಇದೆ. ಬರಲ್ಲ ಅಂದವನು ಕೊನೇ ಸಾಲಿನಲ್ಲಿ "ಕ್ಯಾನ್ಸಲ್ ಮಾಡ್ಬೇಕಾ" ಅಂತ ಕೇಳೋದಿಲ್ಲ. ನಾನು ಹುಡುಗಿಯನ್ನು ಕೇಳಿದೆ, ಮ್ಯಾಪ್‌ನಲ್ಲಿ ಗಾಡಿ ಆ ಹೊತ್ತಿಗೆ ಏನು ಮಾಡುತ್ತಿತ್ತು ಅಂತ. ಸ್ವಲ್ಪ ಯೋಚಿಸಿ ಹೇಳಿದಳು: "ಮುಂದೆ ಹೋಗ್ತಾ ಇತ್ತು ಆಂಟಿ, ಓಡಿಹೋಗ್ತಿದ್ದಾನೆ ಅಂದುಕೊಂಡೆ." ಆ ರಸ್ತೆಯಲ್ಲಿ ಯು ಟರ್ನ್ ಇರೋದೇ ಮುಂದೆ! ಅವನು ಆಗಲೇ ಹೊರಟಿದ್ದ, "ಆ ಕಡೆಗೇ ಬರ್ಲಾ, ಸ್ವಲ್ಪ ಹೊತ್ತಾಗುತ್ತೆ" ಅಂತ ಕೇಳಿದ್ದ, ಅಷ್ಟೇ. ನನಗೆ ಇದರಲ್ಲಿ ಅನುಮಾನ ಉಳಿದಿಲ್ಲ.

ಇನ್ನು ಅವನು ಆಚೆ ಕಡೆ ಯಾಕೆ ಹೋದ ಅನ್ನೋದು. ಅದಕ್ಕೆ ಮೊದಲನೇ ಸಾಲು ಕಾರಣ. ತುಮಕೂರು ರಸ್ತೆಯ ಮೆಟ್ರೋ ಸ್ಟೇಷನ್ ಅದು, ಎತ್ತರದಲ್ಲಿ ಕಟ್ಟಿದ್ದು, ರಸ್ತೆಯ ಎರಡೂ ಕಡೆ ಇಳಿಯಬಹುದು. ಹುಡುಗಿ "ಸಾಮನೇ" ಅಂದಿದ್ದು ತಾನು ಇಳಿದ ಮೆಟ್ಟಿಲಿನ ಮುಂದೆ ಅಂತ. ಡ್ರೈವರ್‌ಗೆ ಅದು "ಮೆಟ್ರೋ ಎದುರು ನಿಂತಿದ್ದೇನೆ" ಅಂತ ಹೋಯಿತು. ಪದಕ್ಕೆ ಪದ ಇಟ್ಟರೆ ತಪ್ಪಲ್ಲ. ಆದರೆ ನಮ್ಮಲ್ಲಿ "ಬ್ಯಾಂಕ್ ಎದುರು" ಅಂದರೆ ಬ್ಯಾಂಕಿನ ಬಾಗಿಲ ಮುಂದೆನೂ ಆಗುತ್ತೆ, ರಸ್ತೆ ದಾಟಿ ಆಚೆನೂ ಆಗುತ್ತೆ. ಡ್ರೈವರ್‌ಗಳು ಜಾಸ್ತಿ ಎರಡನೇ ಅರ್ಥದಲ್ಲೇ ತಗೋತಾರೆ ಅನ್ನೋದು ನನ್ನ ಅನುಭವ, ಯಾಕೆಂದರೆ ರಸ್ತೆಯ ಯಾವ ಮಗ್ಗುಲು ಅನ್ನೋದೇ ಅವರಿಗೆ ಮುಖ್ಯ. ಮೆಟ್ರೋ ಕೆಳಗೆ ನಿಂತರೆ ಜಿಪಿಎಸ್ ಕೂಡ ಸರಿಯಾಗಿ ಹಿಡಿಯಲ್ಲ, ಪಿನ್ ಆಚೀಚೆ ಜರುಗುತ್ತದೆ. ಹೀಗಾಗಿ ಅವನಿಗೆ ಈ ಮೆಸೇಜ್ ಬಿಟ್ಟರೆ ಬೇರೆ ಆಧಾರ ಇರಲಿಲ್ಲ.

ಈಗ ಮೂರನೇ ಸಾಲಿಗೆ ಬರೋಣ, ನನಗೆ ಹೆಚ್ಚು ನೋವು ತಂದ ಸಾಲು ಇದು. ಅವಳು ಬರೆದಿದ್ದು "ಫಿರ್ ಕ್ಯಾನ್ಸಲ್ ಕರ್ ದೋ." ಹಿಂದಿಯ "ಫಿರ್"ಗೆ "ಹಾಗಾದ್ರೆ" ಅಂತಲೂ ಅರ್ಥ, "ಆಮೇಲೆ" ಅಂತಲೂ ಅರ್ಥ. ಇಂಗ್ಲಿಷ್‌ನ "ದೆನ್" ಕೂಡ ಹಾಗೇ ಎರಡಕ್ಕೂ ಆಗುತ್ತದೆ. ಕನ್ನಡದಲ್ಲಿ ಒಂದನ್ನು ಆರಿಸಲೇಬೇಕು. ಎಷ್ಟೋ ಅನುವಾದ ವ್ಯವಸ್ಥೆಗಳು ಹಿಂದಿಯಿಂದ ನೇರವಾಗಿ ಕನ್ನಡಕ್ಕೆ ಬರಲ್ಲ, ನಡುವೆ ಇಂಗ್ಲಿಷ್ ಮೂಲಕ ಹಾದು ಬರುತ್ತವೆ. ಹಾಗೆ ಹಾದು ಬಂದಾಗ ಏನೇನು ಕಳೆದುಹೋಗುತ್ತೆ ಅನ್ನೋದು ಅವಳ ಮೆಸೇಜ್ ಕೆಳಗೆ ಅದೇ ಆಪ್ ತೋರಿಸುತ್ತಿದ್ದ ಕನ್ನಡದಲ್ಲಿ ಕಾಣುತ್ತಿತ್ತು: "ನಂತರ ರದ್ದುಮಾಡು."

ರದ್ದು*ಮಾಡು*. ಒಬ್ಬ ಡ್ರೈವರ್‌ಗೆ, ಪ್ರಾಯಶಃ ಅವಳ ಅಪ್ಪನ ವಯಸ್ಸಿನವರಿಗೆ, ಏಕವಚನ. ಹುಡುಗಿ ಹಾಗೆ ಹೇಳಿರಲೇ ಇಲ್ಲ. ಹಿಂದಿಯಲ್ಲಿ ತೂ, ತುಮ್, ಆಪ್ ಅಂತ ಮೂರು ಮೆಟ್ಟಿಲು ಇದೆ. "ಕರ್ ದೋ" ಅನ್ನೋದು ನಡುವಿನ ಮೆಟ್ಟಿಲು, ಆಡುಮಾತಿನಲ್ಲಿ ಎಷ್ಟೋ ಜನ ಅದನ್ನು "ಆಪ್" ಜೊತೆಗೂ ಸಲೀಸಾಗಿ ಹೇಳುತ್ತಾರೆ, ಯಾರಿಗೂ ಬೇಜಾರಾಗಲ್ಲ. ಕನ್ನಡದಲ್ಲಿ ದಿನಬಳಕೆಗೆ ನೀನು, ನೀವು ಎರಡೇ. ನಡುವಿನದನ್ನು ಯಾವ ಕಡೆ ಹಾಕಬೇಕು? ಗುರುತಿಲ್ಲದ ಇಬ್ಬರ ನಡುವೆ ಕಣ್ಣು ಮುಚ್ಚಿಕೊಂಡು "ನೀವು" ಕಡೆಗೇ ಹಾಕಬೇಕು. ಇದರಲ್ಲಿ ಎರಡನೇ ಮಾತೇ ಇಲ್ಲ. "ನೀವು" ಅಂದು ಯಾರಿಗೂ ನಷ್ಟ ಆಗಲ್ಲ, "ಮಾಡು" ಅಂದರೆ ಜಗಳ ಆಗುತ್ತೆ. ಇಂಗ್ಲಿಷ್‌ನ "ಯು" ಮೂಲಕ ಬಂದಾಗ ಈ ಗೌರವ ದಾರಿಯಲ್ಲೇ ಬಿದ್ದುಹೋಗುತ್ತದೆ. ಕನ್ನಡದವರಿಗೆ ಹೊರಗಿನವರು ಮರ್ಯಾದೆ ಕೊಡಲ್ಲ ಅಂತ ನಾವು ದಿನಾ ಬೈದಾಡುತ್ತೇವಲ್ಲ, ಅದರಲ್ಲಿ ಎಷ್ಟು ಪಾಲು ಇಂಥ ಅನುವಾದದ್ದು ಅಂತ ನನಗೆ ಅವತ್ತಿನಿಂದ ತಲೆಯಲ್ಲಿ ಕೊರೀತಾ ಇದೆ.

ಅಷ್ಟಾದರೂ ಆ ಮನುಷ್ಯ ಸಿಟ್ಟು ಮಾಡಿಕೊಳ್ಳಲಿಲ್ಲ. "ಕ್ಯಾನ್ಸಲ್ ಮಾಡ್ಬೇಕಾ" ಅಂತ ಕೇಳಿದ. "ನಂತರ" ಅಂದರೆ ಯಾವಾಗ, ಯಾರು ಮಾಡಬೇಕು ಅಂತ ಅವನಿಗೆ ತಿಳಿದಿಲ್ಲ, ಪಾಪ. ಇದು ಹಿಂದಿಗೆ ಹೋಗಿದ್ದು "ಕ್ಯಾನ್ಸಲ್ ಕರ್ನಾ ಹೈ" ಅಂತ, ಪ್ರಶ್ನೆ ಚಿಹ್ನೆ ಇಲ್ಲದೆ. ಕನ್ನಡದಲ್ಲಿ "ಮಾಡ್ತೀನಿ" ಅಂದರೆ ನಾನು, "ಮಾಡ್ತೀರಾ" ಅಂದರೆ ನೀವು, ಕ್ರಿಯಾಪದದ ಬಾಲದಲ್ಲೇ ಆಳು ಇರುತ್ತಾನೆ. "ಬೇಕು" ಸೇರಿದ ಕೂಡಲೇ ಆ ಬಾಲ ಉದುರಿಹೋಗುತ್ತದೆ. ನಾನು ಮಾಡ್ಬೇಕು, ನೀವು ಮಾಡ್ಬೇಕು, ಎಲ್ಲಕ್ಕೂ ಒಂದೇ "ಮಾಡ್ಬೇಕು". ಹಿಂದಿಯ "ಕರ್ನಾ ಹೈ" ಕೂಡ ಹಾಗೇ. ಅವನು ಕೇಳಿದ್ದು "ನಾನು ಕ್ಯಾನ್ಸಲ್ ಮಾಡ್ಬೇಕಾ?" ಅಂತ. ಅವಳು ಓದಿದ್ದು "ಕ್ಯಾನ್ಸಲ್ ಮಾಡ್ಬೇಕು, ನೀನೇ ಮಾಡು" ಅಂತ. ಒತ್ತಿದಳು.

ಯಾರು ಒತ್ತಿದರು ಅನ್ನೋದರ ಮೇಲೇ ದುಡ್ಡು ನಿಂತಿದೆ, ಅದಕ್ಕೇ ಇದು ಸಣ್ಣ ವಿಷಯ ಅಲ್ಲ. ಇಂಥ ಆಪ್ ಕಂಪನಿಗಳಿಗೆ ಕೇಂದ್ರ ಸರ್ಕಾರ ಮಾಡಿದ 2020ರ ಅಗ್ರಿಗೇಟರ್ ಮಾರ್ಗಸೂಚಿಯಲ್ಲಿ, ಸರಿಯಾದ ಕಾರಣ ಇಲ್ಲದೆ ಕ್ಯಾನ್ಸಲ್ ಮಾಡಿದವರಿಗೆ, ಅದು ಡ್ರೈವರ್ ಆಗಲಿ ಪ್ರಯಾಣಿಕರಾಗಲಿ, ಬಾಡಿಗೆಯ ಶೇ. 10ರಷ್ಟು, 100 ರೂಪಾಯಿ ಮೀರದ ಹಾಗೆ ದಂಡ ಅಂತ ಹೇಳಿದ್ದರು. ಹಾಗಾಗಿ ಇಬ್ಬರೂ "ನೀವೇ ಮಾಡಿ, ನೀವೇ ಮಾಡಿ" ಅಂತ ಜಗ್ಗಾಡುತ್ತಾ ಇರುತ್ತಾರೆ. ಅಂಥ ಮಾತುಕತೆಯಲ್ಲಿ ಅನುವಾದ ಮಾಡೋರು ಚೆಂದದ ಭಾಷೆ ಕೊಡದಿದ್ದರೂ ಪರವಾಗಿಲ್ಲ. ಯಾರು ಮಾಡಬೇಕು, ಇದು ಪ್ರಶ್ನೆಯೋ ತೀರ್ಮಾನವೋ, ಇವೆರಡು ಮಾತ್ರ ತಪ್ಪಬಾರದು. ಗೊತ್ತಾಗದಿದ್ದರೆ ಗೊತ್ತಾಗಿಲ್ಲ ಅಂತ ತೋರಿಸಬೇಕು. "ಬರ್ಲಾ ಅಂತ ಕೇಳ್ತಿದ್ದೀರಾ, ಬರಲ್ಲ ಅಂತ ಹೇಳ್ತಿದ್ದೀರಾ" ಅಂತ ಕಳಿಸೋ ಮೊದಲು ಡ್ರೈವರ್‌ನನ್ನೇ ಒಂದು ಸಲ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೋರ್ಟಿನ ಕಾಗದವೋ ಆಸ್ಪತ್ರೆ ಚೀಟಿಯೋ ಅನುವಾದ ಮಾಡುವಾಗ ಸಂದೇಹ ಬಂದರೆ ನಾವು ಬರೆದವರನ್ನು ಕೇಳುತ್ತೇವೆ. ಕೇಳದೆ ಒಂದನ್ನು ಆರಿಸಿ ಕಳಿಸೋ ಧೈರ್ಯ ನನಗಂತೂ ಇಲ್ಲ.

ಅವತ್ತೇ ಕೂತು ಆ ನಾಲ್ಕು ಸಾಲನ್ನು ಹುಡುಗಿಗೆ ಮತ್ತೆ ಅನುವಾದ ಮಾಡಿ ತೋರಿಸಿದೆ. ಅವಳದ್ದು: "ಮೆಟ್ರೋ ಮೆಟ್ಟಿಲ ಹತ್ತಿರಾನೇ ನಿಂತಿದ್ದೀನಿ." ಅವನದ್ದು ಹಿಂದಿಯಲ್ಲಿ: "ಮೈ ಉಸ್ ತರಫ್ ಆ ಜಾವೂಂ? ಯು ಟರ್ನ್ ಥೋಡಾ ದೂರ್ ಹೈ." ಇದನ್ನು ಓದಿದ ಮೇಲೆ ಮೂರನೇ ಸಾಲು ಬೇಕೇ ಆಗುತ್ತಿರಲಿಲ್ಲ. "ಹಾಂ ಭಯ್ಯಾ ಆ ಜಾವೋ" ಅಂತಿದ್ದೆ ಅಂದಳು. ಬೇಕಿದ್ದರೂ ಅದನ್ನು "ಹಾಗಾದ್ರೆ ನೀವೇ ಕ್ಯಾನ್ಸಲ್ ಮಾಡ್ಬಿಡಿ" ಅಂತ ಹಾಕಬೇಕಿತ್ತು. "ಕರ್ ದೋ"ದಲ್ಲಿರೋ ಆ ಬೇಸರ "ಮಾಡ್ಬಿಡಿ"ಯಲ್ಲಿ ಹಾಗೇ ಬರುತ್ತದೆ, ಮರ್ಯಾದೆನೂ ಉಳಿಯುತ್ತದೆ. "ರದ್ದು" ಅಂತ ಬೆಂಗಳೂರಿನ ಯಾವ ಡ್ರೈವರೂ ಹೇಳಿದ್ದನ್ನು ನಾನು ಕೇಳಿಲ್ಲ.

ಅವಳ ಫೋನಿನಲ್ಲಿ ಈಗ ಮೂರು ವಾಕ್ಯ ಕನ್ನಡ ಲಿಪಿಯಲ್ಲೇ ಬರೆದು ಇಟ್ಟುಕೊಟ್ಟಿದ್ದೇನೆ. "ಅಣ್ಣ, ನೀವು ಈ ಕಡೆ ಬರ್ತೀರಾ?", "ನಾನೇ ರಸ್ತೆ ದಾಟಿ ಬರ್ತೀನಿ, ಅಲ್ಲೇ ಇರಿ", "ನೀವು ಕ್ಯಾನ್ಸಲ್ ಮಾಡ್ತೀರಾ, ನಾನು ಮಾಡ್ಲಾ?" ಮೂರರಲ್ಲೂ ನಾನು, ನೀವು ಬಿಡಿಸಿ ಹಾಕಿದ್ದೇನೆ. ಗಾಡಿ ಓಡಿಸೋ ಅಣ್ಣಂದಿರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ. ಇಂಗ್ಲಿಷ್ ಅಕ್ಷರದಲ್ಲೇ ಬರೆಯೋದಾದರೆ ಕೇಳೋ ಮಾತಿನ ಕೊನೆಗೆ `?` ಹಾಕಿ, ಇಲ್ಲ ಅನ್ನೋ ಕಡೆ `l` ಎರಡು ಹಾಕಿ. ಅದಕ್ಕಿಂತ ಒಳ್ಳೇದು ಅಂದರೆ ಕೀಬೋರ್ಡನ್ನು ಕನ್ನಡಕ್ಕೆ ಇಟ್ಟು ಮೈಕ್ ಒತ್ತಿ ಮಾತಾಡಿ, ಆಗ ಕನ್ನಡ ಲಿಪಿಯಲ್ಲೇ ಮೂಡುತ್ತದೆ. ಅದನ್ನು ಮಾತ್ರ ಗಾಡಿ ನಿಲ್ಲಿಸಿಕೊಂಡು ಮಾಡಿ.

ಉಳಿದಿರೋದು ಆ ಒಂದು ಸ್ಟಾರ್ ಮತ್ತೆ ಕಂಪ್ಲೇಂಟ್. ಹುಡುಗಿ ಅವತ್ತು ರಾತ್ರಿಯೇ "ನಾನು ತಪ್ಪು ತಿಳ್ಕೊಂಡಿದ್ದೆ, ಕಂಪ್ಲೇಂಟ್ ವಾಪಸ್ ತಗೋತೀನಿ" ಅಂತ ಆಪ್‌ನವರಿಗೆ ಬರೆದಳು. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಚಾಲಕರ ಮೇಲೆ ಕ್ರಮ ಕೈಗೊಳ್ಳಲಾಗುವುದು" ಅಂತ ಉತ್ತರ ಬಂದಿದೆ. ಅಲ್ಲಿ ಕೂತವರೂ ಅನುವಾದ ಆದ ಚಾಟನ್ನೇ ಓದಿದ್ದಾರೆ ಅಂತ ಕಾಣುತ್ತೆ. ನಿನ್ನೆ ನಾವಿಬ್ಬರೂ ಸೇರಿ ಮೂಲ ಮೆಸೇಜುಗಳ ಸ್ಕ್ರೀನ್‌ಶಾಟ್ ಸಮೇತ, ಸಾಲು ಸಾಲಿಗೂ ಅರ್ಥ ಬರೆದು ಮತ್ತೆ ಕಳಿಸಿದ್ದೇವೆ. ಉತ್ತರ ಬಂದರೆ ಇಲ್ಲೇ ಕಾಮೆಂಟ್‌ನಲ್ಲಿ ಹಾಕುತ್ತೇನೆ.